ಅಂಟಿಸಿದ ಜಾಯಿಂಟ್ ತುದಿಯಿಂದಲೇ ಯಾಕೆ ಬಿಡುತ್ತದೆ? ಸೈಕಲ್ ಟ್ಯೂಬಿನಲ್ಲಿ ನೋಡಿ

ಎರಡು ಅಲ್ಯೂಮಿನಿಯಂ ಪಟ್ಟಿಗಳ ತುದಿಗಳನ್ನು ಒಂದರ ಮೇಲೊಂದು ಇಟ್ಟು ಎಪಾಕ್ಸಿ ಹಚ್ಚಿ ಅಂಟಿಸಿದರೆ ಅದೇ ಲ್ಯಾಪ್ ಜಾಯಿಂಟ್. ಎರಡೂ ಕಡೆ ಎಳೆದಾಗ ಪಟ್ಟಿಗಳು ಒಂದರ ಮೇಲೊಂದು ಜಾರಲು ನೋಡುತ್ತವೆ, ಅಂಟು ತಡೆಯುತ್ತದೆ. ಆಗ ಅಂಟಿನೊಳಗೆ ಹುಟ್ಟುವುದೇ ಶಿಯರ್ ಸ್ಟ್ರೆಸ್. ಹುಬ್ಬಳ್ಳಿ ಗೋಕುಲ ರಸ್ತೆಯ ಫ್ಯಾಬ್ರಿಕೇಶನ್ ಶೆಡ್ಡೊಂದರಲ್ಲಿ ಕೇಳಿಬಂದ ಪ್ರಶ್ನೆ ಇದು: “ಅಲ್ರೀ ಸರ, ಅಂಟಿಸೋ ಉದ್ದ ಡಬಲ್ ಮಾಡೇವಿ. ತಾಕತ್ತು ಯಾಕ ಡಬಲ್ ಆಗವಲ್ದು?”

ಉತ್ತರವನ್ನು ಕಣ್ಣಿಂದಲೇ ನೋಡಬಹುದು. ಪಂಕ್ಚರ್ ಅಂಗಡಿಯಿಂದ ಹಳೆಯ ಸೈಕಲ್ ಟ್ಯೂಬ್ ತಂದು, ಎರಡು ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ ಎರಡು ಪಟ್ಟಿ ಕತ್ತರಿಸಿ. ಒಳಗಿನ ಬಿಳಿ ಪುಡಿ ತೊಳೆದು, ಒಣಗಿಸಿ, ಅಂಟುವ ಜಾಗವನ್ನು ಉಜ್ಜುಕಾಗದದಿಂದ ತಿಕ್ಕಿ. ಪುಡಿ ಉಳಿದರೆ ಟೇಪು ಹಿಡಿಯುವುದಿಲ್ಲ. ಪಟ್ಟಿಗಳ ತುದಿಗಳು ಐದು ಸೆಂ.ಮೀ. ಮಾತ್ರ ಒಂದರ ಮೇಲೊಂದು ಬರುವಂತೆ ಇಟ್ಟು, ಅಷ್ಟುದ್ದಕ್ಕೆ ನಡುವೆ ಸ್ಪಂಜಿನ ಡಬಲ್ ಸೈಡ್ ಟೇಪ್ ಹಾಕಿ ಒತ್ತಿ. ಇಲ್ಲಿ ಸ್ಪಂಜೇ ನಮ್ಮ ಅಂಟು. ಈಗ ಪಕ್ಕದಿಂದ ಕಾಣುವ ಸ್ಪಂಜಿನ ಅಂಚಿನ ಮೇಲೆ ಅರ್ಧ ಸೆಂ.ಮೀ.ಗೊಂದರಂತೆ ಬಾಲ್‌ಪೆನ್ನಿನಿಂದ ನೆಟ್ಟನೆಯ ಗೆರೆ ಎಳೆಯಿರಿ. ಒಬ್ಬರು ಮೆಲ್ಲಗೆ ಎಳೆಯಲಿ, ಇನ್ನೊಬ್ಬರು ಗೆರೆ ನೋಡಲಿ.

ಎರಡೂ ತುದಿಯ ಗೆರೆಗಳು ಚೆನ್ನಾಗಿ ವಾಲುತ್ತವೆ, ನಡುವಿನವು ಹೆಚ್ಚುಕಮ್ಮಿ ನಿಂತಲ್ಲೇ ನಿಂತಿರುತ್ತವೆ. ಗೆರೆ ವಾಲಿದಷ್ಟೂ ಅಲ್ಲಿ ಶಿಯರ್ ಹೆಚ್ಚು. ಅದೇ ಟೇಪನ್ನು ಎರಡು ಸ್ಟೀಲ್ ಸ್ಕೇಲುಗಳ ನಡುವೆ ಅಂಟಿಸಿ ಎಳೆದರೆ ಎಲ್ಲ ಗೆರೆಗಳೂ ಒಂದೇ ಸಮನೆ ವಾಲುತ್ತವೆ. ಅಂದರೆ ತುದಿಗೆ ಭಾರ ಬೀಳಲು ಕಾರಣ ಪಟ್ಟಿಯ ಹಿಗ್ಗುವಿಕೆ.

ಮೇಲಿನ ಪಟ್ಟಿಯನ್ನು ಎಡಕ್ಕೆ, ಕೆಳಗಿನದನ್ನು ಬಲಕ್ಕೆ ಎಳೆಯುತ್ತಿದ್ದೀರಿ ಎನ್ನಿ. ಅಂಟಿನ ಎಡತುದಿಯಲ್ಲಿ ಮೇಲಿನ ಪಟ್ಟಿ ಪೂರ್ತಿ ಭಾರ ಹೊತ್ತು ಹಿಗ್ಗಿದೆ. ಕೆಳಗಿನ ಪಟ್ಟಿ ಅಲ್ಲಿಗೇ ಮುಗಿಯುತ್ತದೆ, ಅದರ ಮೇಲೆ ಭಾರವೇ ಇಲ್ಲ, ಹಿಗ್ಗಿಯೂ ಇಲ್ಲ. ಈ ಎರಡರ ನಡುವೆ ಸಿಕ್ಕ ಅಂಟಿಗೆ ಪೆಟ್ಟು ಜಾಸ್ತಿ. ಬಲತುದಿಯಲ್ಲಿ ಇದೇ ಕಥೆ ತಿರುವುಮುರುವು. ನಡುವೆ ಎರಡೂ ಪಟ್ಟಿ ಅರ್ಧರ್ಧ ಭಾರ ಹೊತ್ತು ಸಮನಾಗಿ ಹಿಗ್ಗುವುದರಿಂದ ಅಂಟಿಗೆ ಕೆಲಸ ಕಡಿಮೆ. ಜರ್ಮನಿಯ ಫೋಲ್ಕರ್ಸನ್ 1938ರಲ್ಲಿ ಇದನ್ನು ಲೆಕ್ಕಕ್ಕೆ ಇಳಿಸಿದರು. ಎರಡೂ ಪಟ್ಟಿ ಒಂದೇ ಬಗೆಯವಾದರೆ ಸೂತ್ರ ಹೀಗೆ:

```
x = (L/2) × √(2G / (E·t·h))
τmax = τavg × x × coth(x)
```

τavg ಅಂಟಿನ ಸರಾಸರಿ ಶಿಯರ್ ಒತ್ತಡ, ಅಂದರೆ ಎಳೆತವನ್ನು ಅಂಟಿಸಿದ ಜಾಗದಿಂದ ಭಾಗಿಸಿದ್ದು; τmax ತುದಿಯಲ್ಲಿ ಬೀಳುವ ಗರಿಷ್ಠ ಶಿಯರ್ ಒತ್ತಡ; coth ಎಂದರೆ ಹೈಪರ್ಬೋಲಿಕ್ ಕೋಟ್ಯಾಂಜೆಂಟ್. L ಅಂಟಿಸಿದ ಉದ್ದ, t ಪಟ್ಟಿಯ ದಪ್ಪ, h ಅಂಟಿನ ದಪ್ಪ; E ಪಟ್ಟಿಯ ಬಿಗುವು, G ಅಂಟಿನ ಶಿಯರ್ ಬಿಗುವು. ಶೆಡ್ಡಿನ ಪ್ರಶ್ನೆಗೆ ಇದನ್ನು ಹಚ್ಚಿ ನೋಡೋಣ. ಅಲ್ಯೂಮಿನಿಯಂ ಪಟ್ಟಿ 25 ಮಿ.ಮೀ. ಅಗಲ, 1.6 ಮಿ.ಮೀ. ದಪ್ಪ, ಎಪಾಕ್ಸಿ 0.2 ಮಿ.ಮೀ.; E 70,000, G 1,000 ಮೆಗಾಪಾಸ್ಕಲ್; ಎಳೆತ 2,500 ನ್ಯೂಟನ್, ಸುಮಾರು 255 ಕಿಲೋ ತೂಕದಷ್ಟು. 12.5 ಮಿ.ಮೀ. ಅಂಟಿಸಿದರೆ ಸರಾಸರಿ ಒತ್ತಡ 8 ಮೆಗಾಪಾಸ್ಕಲ್, ತುದಿಯಲ್ಲಿ ಸುಮಾರು 15.7. ಉದ್ದವನ್ನು 25ಕ್ಕೆ ಏರಿಸಿದರೆ ಸರಾಸರಿ ನಾಲ್ಕಕ್ಕೆ ಇಳಿಯುತ್ತದೆ, ಆದರೆ ತುದಿಯಲ್ಲಿ ಇನ್ನೂ ಸುಮಾರು 15. ಐವತ್ತು ಮಾಡಿದರೂ ಅದೇ 15! ಹೆಚ್ಚುವರಿ ಅಂಟೆಲ್ಲ ನಡುವೆ ಆರಾಮಾಗಿ ಕೂತಿರುತ್ತದೆ.

ಹಾಗಾದರೆ ಏನು ಮಾಡಬೇಕು? ಜಾಗವಿದ್ದರೆ ಅಗಲ ಹೆಚ್ಚಿಸಿ. ಅಗಲ ಎರಡರಷ್ಟಾದರೆ ತುದಿಯ ಒತ್ತಡವೂ ಅರ್ಧಕ್ಕಿಳಿಯುತ್ತದೆ. ಪಟ್ಟಿಯನ್ನು 3.2 ಮಿ.ಮೀ. ದಪ್ಪದ್ದು ಮಾಡಿದರೆ, 25 ಮಿ.ಮೀ. ಉದ್ದದಲ್ಲಿ ತುದಿಯ ಒತ್ತಡ 10.7ಕ್ಕೆ ಬರುತ್ತದೆ. ಒತ್ತಿದಾಗ ಅಂಚಿನಿಂದ ಹೊರಬಂದ ಎಪಾಕ್ಸಿಯನ್ನು ಚೊಕ್ಕ ಕಾಣಲೆಂದು ಕೆರೆದು ತೆಗೆಯಬೇಡಿ. ಮೂಲೆಯಲ್ಲಿ ಇಳಿಜಾರಾಗಿ ನಿಂತ ಆ ಅಂಟು ತುದಿಯ ಹೊರೆಯನ್ನು ಹಗುರ ಮಾಡುತ್ತದೆ. ಪಟ್ಟಿಯ ತುದಿಯನ್ನು ಅಂಟಿಲ್ಲದ ಮೈಯಿಂದ ಕಾನಸಿನಲ್ಲಿ ಉಜ್ಜಿ ತೆಳ್ಳಗೆ ಮಾಡಿದರೂ ಲಾಭವಿದೆ.

ಈ ಸೂತ್ರ ಒಂದು ಸಂಗತಿಯನ್ನು ಬಿಟ್ಟಿದೆ. ಪಟ್ಟಿಗಳು ಒಂದೇ ನೇರದಲ್ಲಿಲ್ಲದ ಕಾರಣ ಎಳೆದಾಗ ಜಾಯಿಂಟ್ ಬಾಗುತ್ತದೆ, ತುದಿಗಳು ಸಿಪ್ಪೆ ಸುಲಿದಂತೆ ಮೇಲೇಳಲು ನೋಡುತ್ತವೆ. ಗೋಲಂಡ್ ಮತ್ತು ರೈಸ್ನರ್ ಎಂಬ ಸಂಶೋಧಕರು 1944ರಲ್ಲಿ ಇದನ್ನೂ ಲೆಕ್ಕ ಹಾಕಿದರು. ನನ್ನ ಮಟ್ಟಿಗೆ ತೆಳು ಪಟ್ಟಿಗಳಲ್ಲಿ ಶಿಯರಿಗಿಂತ ಈ ಸುಲಿತಕ್ಕೇ ಹೆಚ್ಚು ಹೆದರಬೇಕು.

ಬಿಟ್ಟುಹೋದ ಜಾಯಿಂಟ್ ಸಿಕ್ಕರೆ ಎರಡೂ ಮೈ ನೋಡಿ. ಎರಡರ ಮೇಲೂ ಅಂಟು ಉಳಿದಿದ್ದರೆ ಹರಿದದ್ದು ಅಂಟೇ, ಮೇಲಿನ ಲೆಕ್ಕ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ಮೈ ಬರಿ ಲೋಹವಾಗಿ ಹೊಳೆಯುತ್ತಿದ್ದರೆ ಅಂಟು ಅಲ್ಲಿ ಹಿಡಿದೇ ಇರಲಿಲ್ಲ. ಎಣ್ಣೆ ಒರೆಸಿ, ಉಜ್ಜಿ ಮತ್ತೆ ಅಂಟಿಸುವ ತನಕ ಯಾವ ಲೆಕ್ಕವೂ ಬೇಡ.

ಉದ್ದ ಹೆಚ್ಚಿಸಿದರೂ ತುದಿಯ ಒತ್ತಡ ಇಳಿಯದು ಎಂದು ಅಂಟಿಸುವ ಉದ್ದವನ್ನು ತೀರಾ ಕತ್ತರಿಸಲೂಬೇಡಿ. ಮೆತ್ತನೆಯ, ಮುರಿಯುವ ಮುನ್ನ ಎಳೆದುಕೊಳ್ಳುವ ಅಂಟಾದರೆ ತುದಿ ಸ್ವಲ್ಪ ಸೋತು ಭಾರವನ್ನು ಒಳಕ್ಕೆ ದಾಟಿಸುತ್ತದೆ, ಅಲ್ಲಿ ಹೆಚ್ಚು ಉದ್ದಕ್ಕೆ ಬೆಲೆಯುಂಟು. ತಿಂಗಳುಗಟ್ಟಲೆ ಭಾರ ಹೊರಬೇಕಾದ ಕಡೆ, ತುದಿಯ ಅಂಟು ನಿಧಾನವಾಗಿ ಜಾರುತ್ತಾ ಹೋಗದಂತೆ ಹಿಡಿದಿಡುವುದು ಒತ್ತಡವಿಲ್ಲದೆ ಕೂತ ಆ ನಡುಭಾಗವೇ.