ಮೂರು ಸಾಲಿನ ತಲೆಬರಹವನ್ನು ಒಂದೇ ಸಾಲಿಗೆ ಇಳಿಸುವ ಬಗೆ

ನಮ್ಮ ಕಚೇರಿಗಳ ಪ್ರಗತಿ ವರದಿಯನ್ನು ಎಕ್ಸೆಲ್‌ನಲ್ಲಿ ತೆರೆದರೆ ಮೇಲಿನ ಸಾಲಿನಲ್ಲಿ ವರ್ಷ, ಅದರ ಕೆಳಗೆ ತ್ರೈಮಾಸಿಕ, ಅದರ ಕೆಳಗೆ ‘ಗುರಿ’ ಮತ್ತು ‘ಸಾಧನೆ’ ಇರುತ್ತವೆ. ಗೋಡೆಗೆ ಅಂಟಿಸಲು ಈ ವಿನ್ಯಾಸ ಚೆನ್ನ. ಆದರೆ ಫಿಲ್ಟರ್ ಹಾಕಲು ಅಥವಾ ಪಿವೋಟ್ ಮಾಡಲು ಹೊರಟರೆ ಪ್ರತಿ ಕಾಲಂಗೂ ‘2011-12_ತ್ರೈ1_ಗುರಿ’ ಎಂಬಂಥ ಒಂದೇ ಪೂರ್ಣ ಹೆಸರು ಬೇಕಾಗುತ್ತದೆ. ಈ ಕೆಲಸದಲ್ಲಿ ಹಲವರು ಎಡವುವುದು ಹೆಸರು ಜೋಡಿಸುವಾಗ ಅಲ್ಲ, ಅದಕ್ಕೂ ಮೊದಲು ಖಾಲಿ ಸೆಲ್‌ಗಳನ್ನು ತುಂಬುವಾಗ.

ಉದಾಹರಣೆಗೆ ಒಂದು ಹಾಳೆಯನ್ನು ತೆಗೆದುಕೊಳ್ಳೋಣ. A ಕಾಲಂನಲ್ಲಿ ತಾಲ್ಲೂಕು, B ಇಂದ I ವರೆಗೆ 2011-12, J ಇಂದ Q ವರೆಗೆ 2012-13, ಕೊನೆಯ R ನಲ್ಲಿ ಷರಾ. ಪ್ರತಿ ವರ್ಷಕ್ಕೆ ನಾಲ್ಕು ತ್ರೈಮಾಸಿಕ, ಪ್ರತಿ ತ್ರೈಮಾಸಿಕಕ್ಕೆ ಗುರಿ ಮತ್ತು ಸಾಧನೆ. ತಾಲ್ಲೂಕು, ಷರಾ ಎರಡೂ ಮೂರು ಸಾಲುಗಳ ಉದ್ದಕ್ಕೂ ಮರ್ಜ್ ಆಗಿವೆ.

ಮೊದಲು ಹಾಳೆಯ ಪ್ರತಿ ತೆಗೆದು, ಅದರಲ್ಲೇ ಕೆಲಸ ಮಾಡಿ.

ಮರ್ಜ್ ಬಿಡಿಸುವ ಮೊದಲು ಒಂದು ನಿಮಿಷ ತಡೆಯಿರಿ. ಮರ್ಜ್ ಆದ ಸೆಲ್‌ನಲ್ಲಿ ಬರಹ ಉಳಿಯುವುದು ಎಡ ಮೇಲ್ತುದಿಯ ಒಂದೇ ಸೆಲ್‌ನಲ್ಲಿ. ಆ ಹೆಸರು ಎಲ್ಲಿಯವರೆಗೆ ಅನ್ವಯಿಸುತ್ತದೆ ಎಂಬುದನ್ನು ಹೇಳುವುದು ಮರ್ಜ್‌ನ ಅಗಲ ಮಾತ್ರ. ಬಿಡಿಸಿದ ಮೇಲೆ ವರ್ಷಕ್ಕೆ ಸೇರಿದ ಖಾಲಿ ಸೆಲ್ ಮತ್ತು ನಿಜವಾಗಿಯೂ ಖಾಲಿಯಾದ ಸೆಲ್ ಒಂದೇ ಬಗೆಯಾಗಿ ಕಾಣುತ್ತವೆ. ಆದ್ದರಿಂದ ಪ್ರತಿ ವರ್ಷದ ವ್ಯಾಪ್ತಿಗೆ ಒಂದೊಂದು ಬಣ್ಣ ಹಚ್ಚಿ, ಆಮೇಲೆ ಮೂರೂ ಸಾಲುಗಳನ್ನು ಆಯ್ದು Unmerge Cells ಒತ್ತಿ. ಪಿಡಿಎಫ್‌ನಿಂದ ಎಕ್ಸೆಲ್‌ಗೆ ಬದಲಿಸುವ ಉಚಿತ ತಂತ್ರಾಂಶಗಳನ್ನು ಇಲ್ಲಿ ನಂಬಬೇಡಿ: ಮಧ್ಯಕ್ಕೆ ಮುದ್ರಿಸಿದ ವರ್ಷವನ್ನು ಅವು ಎಷ್ಟೋ ಸಲ ಎರಡನೆಯದೋ ಮೂರನೆಯದೋ ತ್ರೈಮಾಸಿಕದ ಮೇಲೆ ಕೂರಿಸುತ್ತವೆ. ಹಾಗೆ ಬಂದಿದ್ದರೆ ವರ್ಷವನ್ನು ಮೊದಲ ಕಾಲಂಗೆ ಕೈಯಿಂದಲೇ ಸರಿಸಬೇಕು. ಇಲ್ಲವಾದರೆ ಮೊದಲ ತ್ರೈಮಾಸಿಕ ಹಿಂದಿನ ವರ್ಷದ ಲೆಕ್ಕಕ್ಕೆ ಹೋಗುತ್ತದೆ.

ಈಗ ತಲೆಬರಹದ ಕೆಳಗೆ ಮೂರು ಖಾಲಿ ಸಾಲುಗಳನ್ನು ಸೇರಿಸಿ. ಅವು 4, 5, 6ನೆಯ ಸಾಲುಗಳಾಗುತ್ತವೆ. A4 ನಲ್ಲಿ ‘ತಾಲ್ಲೂಕು’ ಎಂದು ಬರೆದು, A5 ಅನ್ನು ಖಾಲಿ ಬಿಟ್ಟು, B4, B5, B6 ಗಳಲ್ಲಿ ಕ್ರಮವಾಗಿ ಈ ಫಾರ್ಮುಲಾಗಳನ್ನು ಹಾಕಿ R ವರೆಗೆ ಎಳೆಯಿರಿ.

```
=IF(B1<>"",B1,A4)
=IF(B2<>"",B2,IF(B1<>"","",A5))
=TEXTJOIN("_",TRUE,B4:B5,B3)
```

ಮೊದಲನೆಯದು ಸರಳ: ಮೇಲೆ ವರ್ಷವಿದ್ದರೆ ಅದನ್ನು, ಇಲ್ಲದಿದ್ದರೆ ಎಡಗಡೆಯದನ್ನು ತೆಗೆದುಕೊಳ್ಳುತ್ತದೆ. ಎರಡನೆಯದರ ಒಳಗಿರುವ ಇನ್ನೊಂದು IF ಅನ್ನು ಮಾತ್ರ ಬಿಡಬೇಡಿ. ಮೇಲಿನ ಸಾಲಿನಲ್ಲಿ ಹೊಸ ಹೆಸರು ಶುರುವಾದೊಡನೆ ಹಳೆಯ ತ್ರೈಮಾಸಿಕದ ಹರಿವನ್ನು ತಡೆಯುವುದು ಅದೇ. ಅದಿಲ್ಲದಿದ್ದರೆ ಕೊನೆಯ ಕಾಲಂನ ಹೆಸರು ‘ಷರಾ_ತ್ರೈ4’ ಎಂದಾಗುತ್ತದೆ. TEXTJOIN ನಲ್ಲಿರುವ TRUE ಖಾಲಿ ಭಾಗಗಳನ್ನು ಬಿಟ್ಟು ಜೋಡಿಸುವುದರಿಂದ ಅನಗತ್ಯ ಅಡಿಗೆರೆ ಉಳಿಯುವುದಿಲ್ಲ. ಇದು ಎಕ್ಸೆಲ್ 2019 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಇದೆ; ಹಳೆಯದರಲ್ಲಿ & ಬಳಸಿ ಜೋಡಿಸಬೇಕು. B6 ಅನ್ನು A6 ಗೂ ನಕಲಿಸಿ.

ಇಷ್ಟು ಮಾಡಿದ ಮೇಲೆ ಹೆಸರು ‘40878_ತ್ರೈ1_ಗುರಿ’ ಎಂದು ಬಂದರೆ ಗಾಬರಿಯಾಗಬೇಕಿಲ್ಲ. ಯಾರೋ 2011-12 ಎಂದು ಟೈಪ್ ಮಾಡಿದಾಗ ಎಕ್ಸೆಲ್ ಅದನ್ನು 2011ರ ಡಿಸೆಂಬರ್ ಎಂದು ಓದಿಕೊಂಡಿದೆ, 40878 ಎಂಬುದು ಆ ತಿಂಗಳ ಮೊದಲ ದಿನಕ್ಕೆ ಅದು ಕೊಟ್ಟ ಕ್ರಮಸಂಖ್ಯೆ. ಹದಿಮೂರನೆಯ ತಿಂಗಳಿಲ್ಲದ ಕಾರಣ 2012-13 ಈ ಅವಾಂತರಕ್ಕೆ ಸಿಕ್ಕುವುದಿಲ್ಲ. ಹೀಗಾಗಿ ಒಂದು ವರ್ಷ ಸರಿ, ಇನ್ನೊಂದು ತಪ್ಪು ಎಂಬ ವಿಚಿತ್ರ ಸ್ಥಿತಿ ಉಂಟಾಗುತ್ತದೆ. B1 ರ ಫಾರ್ಮ್ಯಾಟನ್ನು Text ಗೆ ಬದಲಿಸಿ, ವರ್ಷವನ್ನು ಮತ್ತೊಮ್ಮೆ ಟೈಪ್ ಮಾಡಿ. ಫಾರ್ಮ್ಯಾಟ್ ಬದಲಿಸಿದರಷ್ಟೇ ಸಾಲದು, ಏಕೆಂದರೆ ಸೆಲ್‌ನ ಒಳಗಿರುವುದು ಅದೇ ಸಂಖ್ಯೆ.

ವರ್ಷವನ್ನು ಮೊದಲು, ತ್ರೈಮಾಸಿಕವನ್ನು ಆಮೇಲೆ ಇಡಿ; ಆಗ ಅಕ್ಷರಕ್ರಮದಲ್ಲಿ ಜೋಡಿಸಿದರೂ ಕಾಲಕ್ರಮ ಕೆಡುವುದಿಲ್ಲ. ‘2011_ತ್ರೈ4’ ಎಂದು ಮೊಟಕುಗೊಳಿಸುವುದನ್ನು ನಾನು ಒಪ್ಪುವುದಿಲ್ಲ. 2011-12ರ ನಾಲ್ಕನೆಯ ತ್ರೈಮಾಸಿಕವೆಂದರೆ 2012ರ ಜನವರಿಯಿಂದ ಮಾರ್ಚ್. ಮೊಟಕು ಹೆಸರನ್ನು ನೋಡಿದವರು ಅದನ್ನು 2011ರ ಕೊನೆಯ ಮೂರು ತಿಂಗಳೆಂದೇ ಓದುತ್ತಾರೆ.

ಪರೀಕ್ಷೆಗೆ ಖಾಲಿ ಇರುವ ಹಾಳೆಯೊಂದರಲ್ಲಿ ಅಲ್ಲ, ಇದೇ ಹಾಳೆಯ ಕೊನೆಯ ದತ್ತಾಂಶದ ಕೆಳಗಿನ ಖಾಲಿ ಸಾಲಿನಲ್ಲಿ, A ಕಾಲಂನಿಂದ R ವರೆಗೆ ಇದನ್ನು ಎಳೆಯಿರಿ:

```
=COUNTIF($A$6:$R$6,A6)
```

ಎಲ್ಲೆಡೆ 1 ಬರಬೇಕು. 2 ಬಂದರೆ ಎರಡು ಕಾಲಂಗಳಿಗೆ ಒಂದೇ ಹೆಸರು ಬಿದ್ದಿದೆ ಎಂದರ್ಥ. ವರ್ಷ ಪಕ್ಕದ ಕಾಲಂಗೆ ಸೋರಿದ್ದನ್ನು ಈ ಎಣಿಕೆ ಯಾವಾಗಲೂ ಹಿಡಿಯುವುದಿಲ್ಲವಾದ್ದರಿಂದ, ಮೊದಲೇ ಹಚ್ಚಿದ ಬಣ್ಣದ ಗಡಿಯಲ್ಲೇ 4ನೆಯ ಸಾಲಿನ ವರ್ಷವೂ ಬದಲಾಗಿದೆಯೇ ಎಂದು ಕಣ್ಣಿನಿಂದಲೂ ನೋಡಿ.

ಕೊನೆಗೆ ಪರೀಕ್ಷೆಯ ಸಾಲನ್ನು ತೆಗೆದು, 6ನೆಯ ಸಾಲನ್ನು ನಕಲಿಸಿ, ಅದರ ಮೇಲೆಯೇ Paste Special ನಲ್ಲಿ Values ಆಗಿ ಅಂಟಿಸಿ, ಆಮೇಲಷ್ಟೇ 1ರಿಂದ 5ರವರೆಗಿನ ಸಾಲುಗಳನ್ನು ಅಳಿಸಿ. ಈ ಎರಡರ ಕ್ರಮ ತಪ್ಪಿದರೆ ಹೆಸರುಗಳ ಜಾಗದಲ್ಲಿ #REF! ಸಾಲುಗಟ್ಟಿ ನಿಲ್ಲುತ್ತದೆ.