ಒಂದೇ ಫೋಟೋದಿಂದ ಅಪ್ಪನ ಮುಖ ಕೂರಿಸಿದ್ದು: ನನ್ನ ಅನುಭವ

ಅಪ್ಪನ ಇಪ್ಪತ್ತರ ವಯಸ್ಸಿನ ಫೋಟೋ ಅಂತ ನಮ್ಮ ಹತ್ತಿರ ಇರುವುದು ಒಂದೇ. ಕಪ್ಪು ಬಿಳುಪು, ಒಂದು ಮೂಲೆ ಮಡಚಿಹೋಗಿದೆ. ಆ ಮುಖವನ್ನು ನನ್ನದೇ ವಿಡಿಯೋ ಮೇಲೆ ಕೂರಿಸಬೇಕು ಅಂತ ನನಗೆ ಹಟ. ಅಪ್ಪನನ್ನು ಕೇಳಿದೆ. "ಮಾಡ್ಕೋ, ಆದ್ರೆ ಮೀಸೆ ತೆಗೀಬೇಡ" ಅಂದರು.

ಜೊತೆಗೆ ಕೆಲಸ ಮಾಡುವ ಒಬ್ಬರು ಹಳೇ ಕಾಲದ ಆಟೋಎನ್‌ಕೋಡರ್ ವಿಧಾನದಲ್ಲಿ ಪಳಗಿದವರು. ಒಬ್ಬ ವ್ಯಕ್ತಿಗೆ ಒಂದು ಮಾಡೆಲ್, ಅದಕ್ಕೆ ಸಾವಿರಾರು ಫ್ರೇಮು. "ಒಂದು ಫೋಟೋದಲ್ಲಿ ಏನೂ ಆಗಲ್ಲ ಗುರು, ಜಿಪಿಯು ದುಡ್ಡು ದಂಡ" ಅಂದಿದ್ದರು. ದುಡ್ಡಿನ ಬಗ್ಗೆ ಅವರು ಹೇಳಿದ್ದು ನಿಜವಾಯಿತು. ಉಳಿದದ್ದು ಆಗಲಿಲ್ಲ.

ಮೊದಲು ಸಿದ್ಧ ಮಾಡೆಲ್ ಒಂದನ್ನು ಓಡಿಸಿ ನೋಡೋಣ ಅಂತ `inswapper_128.onnx` ಇಳಿಸಿಕೊಂಡೆ. ಲೈಬ್ರರಿ ಬಳಸದೆ ನಾನೇ ಕೋಡ್ ಬರೆಯುತ್ತೇನೆ ಅಂತ ಜಂಬ ಬೇರೆ. ಟಾರ್ಗೆಟ್, ಅಂದರೆ ವಿಡಿಯೋದಲ್ಲಿರುವ ನನ್ನ ಮುಖವನ್ನು 128 ಪಿಕ್ಸೆಲ್‌ಗೆ ಕತ್ತರಿಸಿ ಕೊಟ್ಟೆ. ಸೋರ್ಸ್, ಅಂದರೆ ಅಪ್ಪನ ಫೋಟೋದಿಂದ ಮುಖದ ಗುರುತನ್ನು 512 ಸಂಖ್ಯೆಗಳಲ್ಲಿ ಹಿಡಿದಿಡುವ ಎಂಬೆಡಿಂಗ್ ತೆಗೆದು ಕೊಟ್ಟೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಚೊಕ್ಕವಾದ ಮುಖ ಬಂತು. ಆದರೆ ಅದು ಅಪ್ಪನೂ ಅಲ್ಲ, ನಾನೂ ಅಲ್ಲ, ಯಾರೋ ಮೂರನೆಯವರು! ಎರಡು ದಿನ ತಲೆ ಕೆರೆದುಕೊಂಡೆ. ಕೊನೆಗೆ ಗೊತ್ತಾಯಿತು: ಆ ಫೈಲಿನ ಕೊನೆಯ ಇನಿಶಿಯಲೈಜರ್ ಒಂದು 512×512 ಮ್ಯಾಟ್ರಿಕ್ಸ್, ಕೆಳಗಿನ ಕೋಡ್‌ನಲ್ಲಿ ಅದೇ `emap`. ಎಂಬೆಡಿಂಗನ್ನು ಮೊದಲು ಅದರಿಂದ ಗುಣಿಸಿ, ಮತ್ತೆ ನಾರ್ಮಲೈಜ್ ಮಾಡಿ, ಆಮೇಲೆ ಕೊಡಬೇಕು.

```python
z = emb.reshape(1, -1) @ emap
z /= np.linalg.norm(z)
```

ಈ ಎರಡು ಸಾಲು ಸೇರಿಸಿದ್ದೇ ಅಪ್ಪ ಬಂದರು. ಆದರೆ 128 ಪಿಕ್ಸೆಲ್ ಅಲ್ವಾ, ದೊಡ್ಡದು ಮಾಡಿದರೆ ಮುಖಕ್ಕೆ ಮೇಣ ಹಚ್ಚಿದ ಹಾಗೆ ಕಾಣುತ್ತಿತ್ತು. ಹಾಗಾಗಿ 256ರದ್ದು ನಾನೇ ಟ್ರೈನ್ ಮಾಡಲು ಹೊರಟೆ. ದಾರಿ ಸಿಮ್‌ಸ್ವಾಪ್ ಅನ್ನೋ ಮುಖ ಬದಲಿಸುವ ಮಾಡೆಲ್‌ನದ್ದು. ಡೇಟಾ ವಿಜಿಜಿಫೇಸ್2, ಅದರಲ್ಲಿ ಚಿಕ್ಕ ಫೋಟೋಗಳನ್ನೆಲ್ಲ ಕಿತ್ತು ಹಾಕಿದೆ.

ಮೊದಲ ಸೋಲು ನನ್ನ ಅತಿ ಬುದ್ಧಿವಂತಿಕೆಯದು. ಔಟ್‌ಪುಟ್ ಚೂಪಾಗಿ ಬರಲಿ ಅಂತ ಎನ್‌ಕೋಡರ್‌ನಿಂದ ಡಿಕೋಡರ್‌ಗೆ ಯು‑ನೆಟ್ ಥರ ಸ್ಕಿಪ್ ಕೊಟ್ಟೆ. ಚೂಪಾಗೇನೋ ಬಂತು, ಬಂದವನು ನಾನೇ! ಸ್ಕಿಪ್ ದಾರಿಯಲ್ಲಿ ಟಾರ್ಗೆಟ್‌ನ ಮೂಗು, ಕಣ್ಣು, ಎಲ್ಲ ಹಾಗೇ ದಾಟಿ ಹೋಗುತ್ತಿತ್ತು. ಮಧ್ಯದಲ್ಲಿ ಗುರುತು ಸೇರಿಸುವ ಲೇಯರ್‌ಗಳು ಸುಮ್ನೆ ಕೂತಿದ್ದವು. ಗುರುತು ಸೋರ್ಸ್‌ನಿಂದ ಎಷ್ಟು ದೂರ ಅಂತ ಅಳೆಯುವ ಐಡಿ ಲಾಸ್ ಸ್ವಲ್ಪ ಇಳಿದು ಅಲ್ಲೇ ನಿಂತುಬಿಟ್ಟಿತು. ನಾನು "ಇನ್ನೂ ಸ್ವಲ್ಪ ಓಡಲಿ, ಇಳಿಯುತ್ತೆ" ಅಂತ ಬಾಡಿಗೆ ಜಿಪಿಯುವನ್ನು ಹೆಚ್ಚುಕಡಿಮೆ 60 ಗಂಟೆ ಓಡಿಸಿದೆ. ಅದನ್ನು ಮೂರನೇ ಗಂಟೆಯಲ್ಲೇ ಕಂಡುಹಿಡಿಯಬಹುದಿತ್ತು. ಒಂದೇ ಟಾರ್ಗೆಟ್‌ಗೆ ಎರಡು ಬೇರೆ ಬೇರೆ ಸೋರ್ಸ್ ಕೊಟ್ಟು, ಬಂದ ಎರಡು ಚಿತ್ರಗಳ ವ್ಯತ್ಯಾಸ ನೋಡಿ. ಚಿತ್ರ ಪೂರ್ತಿ ಕಪ್ಪಾಗಿದ್ದರೆ ಎಂಬೆಡಿಂಗ್ ಒಳಗೇ ಹೋಗುತ್ತಿಲ್ಲ ಅಂತ ಅರ್ಥ. ಈಗ ಪ್ರತಿ ಸಾವಿರ ಸ್ಟೆಪ್‌ಗೆ ಈ ವ್ಯತ್ಯಾಸದ ಚಿತ್ರ ತಾನಾಗೇ ಸೇವ್ ಆಗುವ ಹಾಗೆ ಮಾಡಿಕೊಂಡಿದ್ದೇನೆ.

ಸ್ಕಿಪ್ ತೆಗೆದೆ. 256ರ ಚಿತ್ರ ಮೂರು ಸಲ ಅರ್ಧವಾಗಿ 32×32 ಆಗುತ್ತೆ, 512 ಚಾನೆಲ್. ಅಲ್ಲಿ ಒಂಬತ್ತು ಐಡಿ ಬ್ಲಾಕ್, ಒಂದೊಂದರಲ್ಲೂ ಎರಡು ಅಡಾಇನ್. ನಿಜವಾದ ಕೆಲಸ ನಡೆಯುವುದು ಇಷ್ಟರಲ್ಲೇ:

```python
g, b = self.fc(z).chunk(2, 1)   # 512 -> 2*512
x = F.instance_norm(x)
x = x * (1 + g[..., None, None]) + b[..., None, None]
```

ಇದನ್ನು ನೋಡಿ ಜೊತೆಯವರು ಕೇಳಿದ ಪ್ರಶ್ನೆ ಚೆನ್ನಾಗಿತ್ತು. "ಒಂದು ಚಾನೆಲ್‌ಗೆ ಒಂದೇ ಗುಣಕ, ಒಂದೇ ಕೂಡಿಕೆ. 32×32 ಜಾಗಕ್ಕೂ ಅದೇ. ಹಂಗಿದ್ರೆ ಮೂಗು ಎಲ್ಲಿದೆ ಅಂತ ಅದಕ್ಕೆ ಹೆಂಗ್ ಗೊತ್ತಾಗುತ್ತೆ?" ಗೊತ್ತಾಗೋದೇ ಇಲ್ಲ. ಎಂಬೆಡಿಂಗ್‌ಗೆ ಜಾಗದ ಲೆಕ್ಕ ಬೇಕಾಗಿಲ್ಲ, ಅದು ಟಾರ್ಗೆಟ್‌ನ ಫೀಚರ್‌ಗಳಲ್ಲೇ ಇದೆ. ಮೂಗಿನ ಅಂಚು ಇರುವ ಕಡೆ ಮಾತ್ರ ಉರಿಯುವ ಚಾನೆಲ್ ಒಂದಿದೆ ಅಂದುಕೊಳ್ಳಿ. ಅದರ ಗುಣಕ ಜಾಸ್ತಿ ಮಾಡಿದರೆ ಬದಲಾಗುವುದು ಮೂಗಿನ ಸುತ್ತ ಮಾತ್ರ, ಬೇರೆ ಕಡೆ ಆ ಚಾನೆಲ್ ಹೇಗೂ ಮಂಕು. ಎಲ್ಲಿ ಅನ್ನುವುದು ಟಾರ್ಗೆಟ್‌ನಿಂದ, ಎಂಥದು ಅನ್ನುವುದು ಸೋರ್ಸ್‌ನಿಂದ. ಅದಕ್ಕೂ ಮುಂಚೆ ಇನ್‌ಸ್ಟನ್ಸ್ ನಾರ್ಮ್ ಟಾರ್ಗೆಟ್‌ನ ಸ್ವಂತ ಸರಾಸರಿ, ಏರಿಳಿತ ಎಲ್ಲ ಅಳಿಸಿ ಹಲಗೆ ಒರೆಸಿ ಕೊಟ್ಟಿರುತ್ತೆ. ತಾಪತ್ರಯ ಏನೆಂದರೆ, ಟಾರ್ಗೆಟ್‌ನ ಬೆಳಕು, ಚರ್ಮದ ಬಣ್ಣದ ಒಂದಿಷ್ಟು ಮಾಹಿತಿಯೂ ಅದರ ಜೊತೆಗೇ ಒರೆಸಿಹೋಗುತ್ತೆ. ಅದನ್ನು ವಾಪಸ್ ಎಳೆಯೋದು ಲಾಸ್‌ಗಳ ಕೆಲಸ.

ಎರಡನೇ ಸೋಲು ಇನ್ನೂ ಕೆಟ್ಟದು, ಯಾಕೆಂದರೆ ಅದು ಕಣ್ಣಿಗೆ ಬೀಳಲಿಲ್ಲ. ನನ್ನ 256ರ ಕ್ರಾಪ್‌ನಲ್ಲಿ ಕೂದಲು, ಕತ್ತು ಎಲ್ಲ ಇತ್ತು. ಐಡಿ ಲಾಸ್‌ಗೆ ಅದನ್ನೇ 112ಕ್ಕೆ ಕುಗ್ಗಿಸಿ ಆರ್ಕ್‌ಫೇಸ್ ಅನ್ನೋ ಮುಖ ಗುರುತಿಸುವ ಮಾಡೆಲ್‌ಗೆ ಕೊಡುತ್ತಿದ್ದೆ. ಆರ್ಕ್‌ಫೇಸ್ ಕಲಿತಿರುವುದು ಕಣ್ಣು, ಮೂಗು, ಬಾಯಿತುದಿಗಳ ಐದು ಬಿಂದು ತನ್ನ ಜಾಗದಲ್ಲೇ ಕೂತಿರುವ ಮುಖಗಳ ಮೇಲೆ. ನಾನು ಕೊಟ್ಟಿದ್ದರಲ್ಲಿ ಮುಖ ಚಿಕ್ಕದು, ಮೇಲೆ ಕೆಳಗೆ ಬೇರೆ. ಆದರೂ ಅದು ಏನೋ ಒಂದು ಸಂಖ್ಯೆ ಕೊಡುತ್ತೆ, ಲಾಸ್ ಇಳಿಯುತ್ತೆ, ನಾವು ಖುಷಿಪಡುತ್ತೇವೆ. ಇನ್ನೊಂದು 50 ಗಂಟೆ ಹೋಯಿತು.

ಸಿಕ್ಕಿಬಿದ್ದಿದ್ದು ಒಂದು ಸರಳ ಪರೀಕ್ಷೆಯಲ್ಲಿ. ಅಪ್ಪನ ಫೋಟೋವನ್ನೇ ಮಾಡೆಲ್‌ನ ಔಟ್‌ಪುಟ್ ಅಂತ ನಾಟಕ ಮಾಡಿ, ಲಾಸ್ ಲೆಕ್ಕ ಹಾಕುವ ದಾರಿಯಲ್ಲೇ ಕಳಿಸಿದೆ. ಸರಿಯಾಗಿ ಅಲೈನ್ ಮಾಡಿ ತೆಗೆದ ಎಂಬೆಡಿಂಗ್ ಜೊತೆ ಕೊಸೈನ್ ನೋಡಿದೆ. ಅದೇ ಫೋಟೋ ತಾನೇ, 1ರ ಹತ್ತಿರ ಬರಬೇಕು. ಬಂದಿದ್ದು 0.4ರ ಆಸುಪಾಸು! ಇಡೀ ಡೇಟಾವನ್ನು ಆರ್ಕ್‌ಫೇಸ್ ಟೆಂಪ್ಲೇಟನ್ನೇ 256ಕ್ಕೆ ಹಿಗ್ಗಿಸಿ ಮತ್ತೆ ಅಲೈನ್ ಮಾಡಿದೆ. ಸ್ಕೋರ್ 0.9 ಆಯಿತು. ಅಲ್ಲೂ ಬಿಡಲಿಲ್ಲ, ಉಳಿದದ್ದು ಎಲ್ಲಿ ಹೋಯಿತು ಅಂತ ಹುಡುಕಿದರೆ ಬಿಜಿಆರ್, ಆರ್‌ಜಿಬಿ ಅದಲುಬದಲು. ಅಪ್ಪನ ಫೋಟೋ ಕಪ್ಪು ಬಿಳುಪು, ಅದರಲ್ಲಿ ಈ ತಪ್ಪು ಸಿಗುವ ಹಾಗೇ ಇರಲಿಲ್ಲ. ಆ 0.9 ನನ್ನ ಕಲರ್ ಫೋಟೋ ಇಟ್ಟು ನೋಡಿದಾಗ ಬಂದದ್ದು. ಸರಿ ಮಾಡಿದ ಮೇಲೆ 0.98.

ಲಾಸ್‌ಗಳ ಬಗ್ಗೆ ಎರಡೇ ಮಾತು. ಒಂದು ಬ್ಯಾಚ್‌ನಲ್ಲಿ ಸೋರ್ಸ್, ಟಾರ್ಗೆಟ್ ಇಬ್ಬರೂ ಒಬ್ಬರೇ, ಮುಂದಿನ ಬ್ಯಾಚ್‌ನಲ್ಲಿ ಬೇರೆ ಬೇರೆ. ಪಿಕ್ಸೆಲ್ ಲಾಸ್ ಮೊದಲನೆಯದಕ್ಕೆ ಮಾತ್ರ. ಇನ್ನೊಂದು ಫೀಚರ್ ಮ್ಯಾಚಿಂಗ್. ಅಸಲಿ, ನಕಲಿ ಬೇರೆ ಮಾಡುವ ಡಿಸ್ಕ್ರಿಮಿನೇಟರ್‌ನ ಎಲ್ಲ ಲೇಯರ್‌ಗಳನ್ನೂ ಟಾರ್ಗೆಟ್ ಜೊತೆ ಹೊಂದಿಸಿದರೆ ಮೊದಲ ಲೇಯರ್‌ಗಳ ಅಂಚು, ಗೆರೆ ಮತ್ತೆ ನನ್ನ ಮುಖವನ್ನೇ ಎಳೆದು ತರುತ್ತವೆ. ಸಿಮ್‌ಸ್ವಾಪ್‌ನವರು ಅವನ್ನು ಬಿಟ್ಟು ಕೊನೆಯವನ್ನಷ್ಟೇ ಇಟ್ಟುಕೊಂಡಿದ್ದು ಇದಕ್ಕೇ. ಬೆಳಕು, ತಲೆ ತಿರುಗಿದ ರೀತಿ, ನಗು ಉಳಿಯುತ್ತೆ, ಗುರುತು ಬದಲಾಗಲು ಜಾಗ ಸಿಗುತ್ತೆ. ನಾನು ಎಷ್ಟು ಲೇಯರ್ ಬಿಟ್ಟೆ, ಯಾವ ಸ್ಟೆಪ್‌ನಿಂದ ಬಿಟ್ಟೆ ಅನ್ನೋದು ಮಾತ್ರ ಇಲ್ಲಿ ಹೇಳಲ್ಲ. ಅದಕ್ಕೆ ನಾನು ಕೊಟ್ಟ ಬೆಲೆ ಜಾಸ್ತಿ.

ಮೂರನೇ ಸಲ ಓಡಿಸಿದಾಗ ಔಟ್‌ಪುಟ್‌ಗೂ ಅಪ್ಪನ ಫೋಟೋಗೂ ಕೊಸೈನ್ ಸ್ಕೋರ್ 0.88 ಬಂತು. ಹಿಗ್ಗಿ ಹೋದೆ. ಚಿತ್ರ ನೋಡಿದರೆ ಕಣ್ಣಿನ ಸುತ್ತ ಸಣ್ಣ ಬಲೆ ನೇಯ್ದ ಹಾಗೆ ಗೆರೆ, ಕೆನ್ನೆ ಪ್ಲಾಸ್ಟಿಕ್. ಟ್ರೈನಿಂಗ್‌ನಲ್ಲಿ ಬಳಸದ ಇನ್ನೊಂದು ಮುಖ ಗುರುತಿಸುವ ಮಾಡೆಲ್ ತಂದು ಅಳೆದೆ: 0.35. ಅಂದರೆ ನನ್ನ ಜನರೇಟರ್ ಅಪ್ಪನ ಮುಖ ಬರೆಯುವುದನ್ನು ಬಿಟ್ಟು ಆರ್ಕ್‌ಫೇಸ್‌ಗೆ ಟೋಪಿ ಹಾಕೋದನ್ನು ಕಲಿತಿತ್ತು. ಒಬ್ಬ ವ್ಯಕ್ತಿಯ ಎರಡು ನಿಜವಾದ ಫೋಟೋಗಳ ನಡುವೆಯೇ ಸಾಮಾನ್ಯವಾಗಿ 0.6, 0.7 ಬರುವಾಗ 0.88 ನೋಡಿದಾಗಲೇ ಅನುಮಾನ ಬರಬೇಕಿತ್ತು. ಐಡಿ ಲಾಸ್‌ನ ತೂಕ ಮೂರನೇ ಒಂದು ಭಾಗಕ್ಕೆ ಇಳಿಸಿದೆ. ಆರ್ಕ್‌ಫೇಸ್‌ನಲ್ಲಿ 0.66, ಹೊರಗಿನ ಮಾಡೆಲ್‌ನಲ್ಲಿ 0.58. ಎರಡೂ ಹತ್ತಿರ ಹತ್ತಿರ ಬಂದಿದ್ದೇ ನನಗೆ ನೆಮ್ಮದಿ. ಇನ್ನೊಂದು ವಿಷಯ ಮುಚ್ಚಿಡಬಾರದು: ಏನೂ ಮಾಡದೆ ನನ್ನ ಮುಖಕ್ಕೂ ಅಪ್ಪನ ಮುಖಕ್ಕೂ 0.25 ಇತ್ತು. ಮಗ ತಾನೇ. ಸಂಬಂಧವೇ ಇಲ್ಲದವರ ಜೊತೆ ಅದು ಸೊನ್ನೆಯ ಹತ್ತಿರ ಇರುತ್ತೆ.

ಮಧ್ಯೆ ಸ್ವಲ್ಪ ಆಟವೂ ಆಡಿದೆ. ನನ್ನ, ಅಪ್ಪನ ಎಂಬೆಡಿಂಗ್ ಕೂಡಿಸಿ ನಾರ್ಮಲೈಜ್ ಮಾಡಿದರೆ ಇಬ್ಬರ ನಡುವಿನ, ಸೋದರನಂಥ ಒಬ್ಬ ಬರುತ್ತಾನೆ. ಸುಮಾರು ಸಾವಿರ ಜನರ ಸರಾಸರಿಯಿಂದ ಅಪ್ಪನನ್ನು ಇನ್ನೂ ಅರ್ಧ ಹೆಜ್ಜೆ ದೂರ ತಳ್ಳಿದರೆ ವ್ಯಂಗ್ಯಚಿತ್ರ: ಹುಬ್ಬು ದಪ್ಪ, ಮೂಗು ಉದ್ದ. ಸ್ವಲ್ಪ, ಅಂದರೆ ಹತ್ತರಲ್ಲಿ ಒಂದು ಪಾಲು ತಳ್ಳಿದರೆ ಮಾತ್ರ ಹೋಲಿಕೆ ಚೆನ್ನಾಗಿ ಕೂರುತ್ತೆ, ನನ್ನ ಕೊನೆಯ ವಿಡಿಯೋದಲ್ಲಿ ಅದು ಇದೆ. ಮಡಚಿದ ಮೂಲೆಯ ಗೆರೆ ಹಣೆಗೆ ಬಂದೀತು ಅಂತ ಹೆದರಿದ್ದೆ, ಬರಲಿಲ್ಲ. ಎಂಬೆಡಿಂಗ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಬಣ್ಣವೂ ಹಾಗೆ. ಫೋಟೋ ಕಪ್ಪು ಬಿಳುಪಾದರೂ ಔಟ್‌ಪುಟ್‌ನಲ್ಲಿ ಚರ್ಮದ ಬಣ್ಣ ಬಂತು, ಅದು ನನ್ನದು. ಆದರೆ ಅಪ್ಪನ ಇತ್ತೀಚಿನ ದಪ್ಪ ಕನ್ನಡಕದ ಫೋಟೋ ಕೊಟ್ಟಾಗ ಕಣ್ಣಿನ ಕೆಳಗೆ ಮಾಸಲು ಕಪ್ಪು ಬಂತು. ಗುರುತು ಬಿಟ್ಟು ಬೇರೇನೂ ಒಳಗೆ ಬರೋದಿಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಕನ್ನಡಕ ತೆಗೆದ ಫೋಟೋ ಹುಡುಕಿ.

ಒಟ್ಟು ಸುಮಾರು 300 ಗಂಟೆ, 24 ಜಿಬಿಯ ಒಂದು ಕಾರ್ಡು, ಬ್ಯಾಚ್ 16. ಬಿಲ್ಲು ನನ್ನ ಒಂದು ತಿಂಗಳ ಸಂಬಳದ ಮೂರನೇ ಒಂದು ಭಾಗ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೇಲಿನ ಮೂರು ತಪ್ಪುಗಳಿಗೆ ಹೋಯಿತು.

ವಿಡಿಯೋ ಅಮ್ಮನಿಗೆ ತೋರಿಸಿದೆ. ಹತ್ತು ಸೆಕೆಂಡ್ ಸುಮ್ಮನೆ ನೋಡಿದರು. "ಕಣ್ಣು, ಮೂಗು ಎಲ್ಲ ಅವರದ್ದೇ. ಗದ್ದ ಮಾತ್ರ ನಿಂದು" ಅಂದರು. ಎರಡು ಮಾಡೆಲ್ ಇಟ್ಟು ಅಳೆದ ನನಗೆ ಕಾಣದ್ದು ಅವರಿಗೆ ಕಂಡಿತು. ಮುಖದ ಹೊರಗೆರೆ ಟಾರ್ಗೆಟ್‌ನದ್ದೇ ಉಳಿಯುತ್ತೆ, ಫೀಚರ್ ಮ್ಯಾಚಿಂಗ್ ಅದನ್ನು ಬಿಡಲ್ಲ, ಕ್ರಾಪ್ ವಾಪಸ್ ಅಂಟಿಸುವಾಗಲೂ ಹಿಂದಿರುವುದು ನನ್ನ ಗದ್ದವೇ. ಅದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ.

ಮೀಸೆಯೂ ಅಷ್ಟೇ. ಎಂಬೆಡಿಂಗ್‌ನಿಂದ ಬಂದಿದ್ದು ತುಟಿಯ ಮೇಲೆ ಒಂದು ಬೂದು ನೆರಳು ಮಾತ್ರ. ಆ ಟೇಕ್ ಬಿಸಾಡಿ, ಮೂರು ವಾರ ಮೀಸೆ ಬೆಳೆಸಿ, ಮತ್ತೆ ಶೂಟ್ ಮಾಡಿದೆ. ಅಮ್ಮ ನೋಡಿದ್ದು ಆ ಎರಡನೇ ವಿಡಿಯೋ.