ಕನೆಕ್ಟ್ ಆಗಿದೆ, ಆದರೆ ಹಾಡು ಕೇಳ್ತಿಲ್ಲ: ಅಮ್ಮನ ಇಯರ್‌ಬಡ್ ಸರಿ ಮಾಡಿದ್ದು ಹೀಗೆ

ಅಮ್ಮನಿಗೆ ಬೆಳಿಗ್ಗೆ ಐದೂವರೆಗೆ ಎದ್ದ ಕೂಡಲೇ ದೇವರನಾಮ ಬೇಕು. ಫೋನನ್ನು ಬೇಳೆ ಡಬ್ಬಿಗೆ ಒರಗಿಸಿಟ್ಟು ಹಾಡು ಹಾಕಿಕೊಂಡೇ ಒಲೆ ಹಚ್ಚುತ್ತಾರೆ. ತಂಗಿ ಬಾಣಂತನಕ್ಕೆ ಬಂದ ಮೇಲೆ ಆ ಹಾಡು ನಿಂತಿತು, ಮಗು ಎದ್ದುಬಿಡುತ್ತದೆ ಎಂದು. ಅದಕ್ಕೇ ದೀಪಾವಳಿಗೆ ತುಮಕೂರಿಗೆ ಹೋಗುವಾಗ ವೈರ್ ಇಲ್ಲದ ಒಂದು ಜೊತೆ ಇಯರ್‌ಬಡ್ ತೆಗೆದುಕೊಂಡು ಹೋದೆ. ಮುಂದಿನ ಮೂರು ತಿಂಗಳಲ್ಲಿ ಅದು ಮೂರು ಸಲ ‘ಕನೆಕ್ಟ್ ಆಗಿದೆ, ಆದರೆ ಸದ್ದಿಲ್ಲ’ ಎಂಬ ಸ್ಥಿತಿಗೆ ಬಂತು. ಮೂರು ಸಲವೂ ಕಾರಣ ಬೇರೆ ಬೇರೆಯಾಗಿತ್ತು.

ಮೊದಲು ಜೋಡಿಸಿದ್ದನ್ನು ಹೇಳುತ್ತೇನೆ. ಕೇಸ್ ಚಾರ್ಜಿಗೆ ಹಾಕಿದಾಗ ಎಡಗಡೆ ಬಡ್‌ನ ದೀಪ ಹತ್ತಿತು, ಬಲಗಡೆಯದು ಹತ್ತಲಿಲ್ಲ. ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಚಾರ್ಜ್ ಹತ್ತುವ ಎರಡು ಚಿಕ್ಕ ಲೋಹದ ಚುಕ್ಕೆಗಳ ಮೇಲೆ ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಚೂರು ಅಂಟಿಕೊಂಡಿತ್ತು. ಅಂಗಡಿಯಲ್ಲಿ ಇರುವಷ್ಟು ದಿನ ಬ್ಯಾಟರಿ ಇಳಿಯದಿರಲಿ ಎಂದು ಕಂಪನಿಯವರೇ ಅಂಟಿಸಿರುತ್ತಾರೆ. ಎಡಗಡೆಯದನ್ನು ನಾನು ಕಿತ್ತಿದ್ದೆ, ಬಲಗಡೆಯದು ಕಣ್ಣಿಗೆ ಬಿದ್ದಿರಲಿಲ್ಲ. ಉಗುರಿನಿಂದ ಎಬ್ಬಿಸಿದ ಮೇಲೆ ಅದೂ ಚಾರ್ಜ್ ಆಯಿತು. ಹೊಸ ಬಡ್‌ನಲ್ಲಿ ಒಂದು ಕಿವಿ ಸತ್ತಂತೆ ಕಂಡರೆ ಮೊದಲು ಇದನ್ನೇ ನೋಡಿ.

ಆಮೇಲೆ ಅಮ್ಮನ ಫೋನಿನಲ್ಲಿ ಬ್ಲೂಟೂತ್ ಆನ್ ಮಾಡಿ `Pair new device` ಒತ್ತಿದೆ. ಪಟ್ಟಿಯಲ್ಲಿ ಟಿವಿ ಬಂತು, ಪಕ್ಕದ ಮನೆಯವರ ಯಾವುದೋ ಸ್ಪೀಕರ್ ಬಂತು, ನಮ್ಮ ಬಡ್‌ನ ಹೆಸರು ಮಾತ್ರ ಬರಲಿಲ್ಲ. ಕಾರಣ ನನ್ನ ಚೀಲದಲ್ಲೇ ಇತ್ತು. ಹಿಂದಿನ ದಿನ ಬೆಂಗಳೂರಿನಲ್ಲಿ ಅದನ್ನು ನನ್ನ ಲ್ಯಾಪ್‌ಟಾಪಿಗೆ ಜೋಡಿಸಿ ಪರೀಕ್ಷೆ ಮಾಡಿದ್ದೆ. ಒಮ್ಮೆ ಒಂದು ಸಾಧನಕ್ಕೆ ಜೋಡಿಯಾದ ಬಡ್, ಮುಚ್ಚಳ ತೆಗೆದ ತಕ್ಷಣ ಆ ಹಳೆಯ ಸಾಧನವನ್ನೇ ಹುಡುಕುತ್ತದೆ, ಹೊಸಬರಿಗೆ ತನ್ನ ಹೆಸರು ತೋರಿಸುವುದಿಲ್ಲ. ಹೆಸರು ತೋರಿಸಬೇಕೆಂದರೆ ಅದನ್ನು ಪೇರಿಂಗ್ ಮೋಡಿಗೆ ನಾವೇ ತರಬೇಕು. ನಮ್ಮದರಲ್ಲಿ ಎರಡೂ ಬಡ್ ಒಳಗಿಟ್ಟು, ಮುಚ್ಚಳ ತೆರೆದೇ ಇಟ್ಟು, ಕೇಸಿನ ಹಿಂದಿನ ಬಟನ್ನನ್ನು ಮೂರು ಸೆಕೆಂಡು ಒತ್ತಿ ಹಿಡಿದಾಗ ದೀಪ ಬೇಗ ಬೇಗ ಮಿನುಗತೊಡಗಿತು. ಈ ಬಟನ್, ಈ ಸೆಕೆಂಡು ಕಂಪನಿಗೊಂದು ಥರ ಇರುತ್ತದೆ. ಕೆಲವದರಲ್ಲಿ ಬಟನ್ನೇ ಇರುವುದಿಲ್ಲ, ಬಡ್‌ಗಳ ಮೇಲೇ ಬೆರಳಿಟ್ಟು ಹಿಡಿಯಬೇಕು. ಡಬ್ಬಿಯೊಳಗಿನ ಚೀಟಿ ಎಸೆಯಬೇಡಿ. ದೀಪ ಮಿನುಗಿದ ಮೇಲೆ ಹೆಸರು ಬಂತು, ಒತ್ತಿದೆ, ಜೋಡಿಯಾಯಿತು. ಅಮ್ಮ ಕಿವಿಗೆ ಹಾಕಿಕೊಂಡು ಹಾಡು ಕೇಳುತ್ತಾ ತಲೆ ಆಡಿಸಿದರು. ನಾನು ನಿಶ್ಚಿಂತೆಯಿಂದ ಬೆಂಗಳೂರಿಗೆ ಮರಳಿದೆ.

ಹತ್ತು ದಿನಕ್ಕೆ ಫೋನ್ ಬಂತು.

“ಲೋ, ಕಿವಿಗೆ ಹಾಕ್ಕೊಂಡಿದೀನಿ, ಕನೆಕ್ಟ್ ಆಯ್ತು ಅಂತ ಅದೇ ಹೇಳ್ತು. ಹಾಡು ಮಾತ್ರ ಫೋನಲ್ಲೇ ಬರ್ತಿದೆ.”

“ಅಮ್ಮಾ, ಈಗ ನನ್ ಮಾತು ಎಲ್ಲಿ ಕೇಳಿಸ್ತಿದೆ, ಫೋನಲ್ಲಾ ಕಿವೀಲಾ?”

“ಕಿವೀಲೇ ಕಣೋ.”

ಅರ್ಧ ಉತ್ತರ ಅಲ್ಲೇ ಸಿಕ್ಕಿತು. ನಾವು ಒಂದೇ ಬ್ಲೂಟೂತ್ ಎಂದುಕೊಳ್ಳುವುದರೊಳಗೆ ಧ್ವನಿಗೆ ಎರಡು ಬೇರೆ ಬೇರೆ ದಾರಿಗಳಿವೆ. ಒಂದು ಕರೆಯ ದಾರಿ: ಮಾತು ಹೋಗಬೇಕು, ಬರಲೂಬೇಕು. ಇದನ್ನು ಎಚ್‌ಎಫ್‌ಪಿ ಎನ್ನುತ್ತಾರೆ. ಇನ್ನೊಂದು ಹಾಡು, ವಿಡಿಯೊಗಳ ದಾರಿ: ಫೋನಿನಿಂದ ಕಿವಿಯ ಕಡೆಗೆ ಮಾತ್ರ, ಎರಡೂ ಕಿವಿಗೆ ಬೇರೆ ಬೇರೆ ಧ್ವನಿ ಹೊತ್ತು ತರುವಂಥದ್ದು. ಇದು ಎ2ಡಿಪಿ. ಒಂದು ದಾರಿ ತೆರೆದಿದ್ದು ಇನ್ನೊಂದು ಮುಚ್ಚಿದ್ದರೂ ಫೋನು ‘ಕನೆಕ್ಟ್ ಆಗಿದೆ’ ಎಂದೇ ತೋರಿಸುತ್ತದೆ. ಅಮ್ಮನಿಗೆ ನನ್ನ ಮಾತು ಬಡ್‌ನಲ್ಲೇ ಕೇಳುತ್ತಿದೆ ಎಂದರೆ ಬಡ್‌ನ ಸ್ಪೀಕರ್ ಸರಿಯಿದೆ, ಚಾರ್ಜ್ ಇದೆ, ಕರೆಯ ದಾರಿ ತೆರೆದಿದೆ. ಮುಚ್ಚಿರುವುದು ಹಾಡಿನ ದಾರಿ ಮಾತ್ರ.

ಕರೆ ನಡೆಯುತ್ತಿರುವಾಗ ಹಾಡು ಹಾಕಿ ಪರೀಕ್ಷೆ ಮಾಡುವಂತಿಲ್ಲ. ಹಾಗಾಗಿ ಅಮ್ಮನಿಗೆ ಏನು ಮಾಡಬೇಕೆಂದು ಮೊದಲೇ ಹೇಳಿದೆ: ಬ್ಲೂಟೂತ್ ಪಟ್ಟಿಯಲ್ಲಿ ಬಡ್‌ನ ಹೆಸರಿನ ಬಲಕ್ಕೆ ಚಕ್ರದ ಗುರುತು ಇರುತ್ತದೆ, ಹೆಸರನ್ನು ಒತ್ತದೆ ಆ ಚಕ್ರವನ್ನು ಒತ್ತು. ಒಳಗೆ ಸಾಲಾಗಿ ಸ್ವಿಚ್ಚುಗಳಿರುತ್ತವೆ. `Phone calls` ಎಂಬುದರ ಹತ್ತಿರ `Media audio` ಎಂದು ಇರುತ್ತದೆ, ಅದು ಬೂದು ಬಣ್ಣದಲ್ಲಿ ಮಲಗಿದ್ದರೆ ಒಮ್ಮೆ ಒತ್ತು. ಕೆಲವು ಫೋನುಗಳಲ್ಲಿ ಬರೀ `Calls`, `Audio` ಎಂದಿರುತ್ತದೆ, ಅರ್ಥ ಒಂದೇ. ಎರಡು ನಿಮಿಷಕ್ಕೆ ಮತ್ತೆ ಕರೆ: “ಬಂತು ಕಣೋ, ಬೂದಿ ಥರಾನೇ ಇತ್ತು.”

ಅದು ಆಫ್ ಆಗಿದ್ದು ಹೇಗೆ? ಅಮ್ಮ ಹಿಂದಿನ ದಿನ ಬಡ್‌ನಲ್ಲಿ ಎಷ್ಟು ಚಾರ್ಜ್ ಇದೆ ಎಂದು ನೋಡಲು ಇದೇ ಪುಟಕ್ಕೆ ಹೋಗಿದ್ದರಂತೆ. ಸ್ಕ್ರಾಲ್ ಮಾಡುವಾಗ ಬೆರಳು ತಗಲಿರಬೇಕು. ಒಮ್ಮೆ ಆಫ್ ಆದರೆ ಫೋನು ಆ ಬಡ್‌ಗೆ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಹತ್ತು ಸಲ ಬ್ಲೂಟೂತ್ ಆಫ್-ಆನ್ ಮಾಡಿದರೂ ಆ ಸ್ವಿಚ್ ತಾನಾಗಿ ಏಳುವುದಿಲ್ಲ. ಬಹಳ ಜನ ಬಡ್ ಹಾಳಾಗಿದೆ ಎಂದು ತೀರ್ಮಾನಿಸಿ ಮೂಲೆಗೆ ಹಾಕುವುದು ಇಲ್ಲೇ ಎಂದು ನನಗನ್ನಿಸುತ್ತದೆ.

ಎರಡನೆಯ ಸಲ ಲಕ್ಷಣ ಬೇರೆ. ಹಾಡು ಕಿವಿಯಲ್ಲೂ ಇಲ್ಲ, ಫೋನಿನಲ್ಲೂ ಇಲ್ಲ, ಆದರೆ ಪರದೆಯ ಮೇಲೆ ಗೆರೆ ಮುಂದಕ್ಕೆ ಓಡುತ್ತಲೇ ಇದೆ. ಧ್ವನಿ ಫೋನಿನಿಂದ ಹೊರಟಿದೆ, ದಾರಿಯೂ ತೆರೆದಿದೆ, ಅಲ್ಲಿ ಹೋಗಿ ಕೇಳಿಸುತ್ತಿಲ್ಲ ಅಷ್ಟೇ. ಅಮ್ಮ “ವಾಲ್ಯೂಮ್ ಫುಲ್ ಇಟ್ಟಿದೀನಿ” ಎಂದರು. ಅವರು ಹೇಳಿದ್ದು ಸುಳ್ಳಲ್ಲ, ಬಡ್ ಹಾಕಿಕೊಳ್ಳುವ ಮುಂಚೆ ಫುಲ್ ಇಟ್ಟಿದ್ದರು. ಆಂಡ್ರಾಯ್ಡ್ ಫೋನು ತನ್ನ ಸ್ಪೀಕರಿಗೆ ಒಂದು ವಾಲ್ಯೂಮನ್ನೂ ಬ್ಲೂಟೂತಿಗೆ ಇನ್ನೊಂದು ವಾಲ್ಯೂಮನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಬಡ್ ಜೋಡಿಯಾದ ಕ್ಷಣ ಬ್ಲೂಟೂತಿನ ಹಳೆಯ ಮಟ್ಟಕ್ಕೆ ಹೋಗುತ್ತದೆ. ಅದು ಸೊನ್ನೆಗೆ ಇಳಿದಿತ್ತು. ಹಾಡು ಓಡುತ್ತಿರುವಾಗಲೇ, ಬಡ್ ಕಿವಿಯಲ್ಲಿರುವಾಗಲೇ, ಫೋನಿನ ಪಕ್ಕದ ಬಟನ್ ಒತ್ತಿ ಏರಿಸು ಎಂದೆ. ಬಂತು. ಕರೆಯಲ್ಲಿರುವಾಗ ಅದೇ ಬಟನ್ ಒತ್ತಿದರೆ ಏರುವುದು ಕರೆಯ ವಾಲ್ಯೂಮ್, ಹಾಡಿನದಲ್ಲ. ಹಾಗಾಗಿ ಫೋನಿನಲ್ಲಿ ಮಾತಾಡುತ್ತಲೇ ಇದನ್ನು ಸರಿಮಾಡಿಸಲು ಹೋಗಬೇಡಿ.

ಇದೇ ಜಾತಿಯ ಇನ್ನೊಂದು ತೊಂದರೆಯನ್ನು ನನ್ನ ಹಳೆಯ ಫೋನಿನಲ್ಲಿ ಕಂಡಿದ್ದೇನೆ. ಫೋನಿನಲ್ಲಿ ವಾಲ್ಯೂಮ್ ಪೂರ್ತಿ ತೋರಿಸುತ್ತಿರುತ್ತದೆ, ಕಿವಿಯಲ್ಲಿ ಪಿಸುಗುಟ್ಟಿದಷ್ಟೇ ಸದ್ದು. ಸಾಮಾನ್ಯವಾಗಿ ಫೋನಿನ ವಾಲ್ಯೂಮೂ ಬಡ್‌ನ ಒಳಗಿನ ವಾಲ್ಯೂಮೂ ಒಂದಕ್ಕೊಂದು ಕಟ್ಟಿಹಾಕಿದಂತೆ ಏರಿಳಿಯುತ್ತವೆ. ಕೆಲವು ಜೋಡಿಗಳಲ್ಲಿ ಆ ಹೊಂದಾಣಿಕೆ ತಪ್ಪುತ್ತದೆ. ಆಗ ಸೆಟ್ಟಿಂಗ್ಸಿನ `About phone` ಒಳಗೆ `Build number` ಅನ್ನು ಏಳು ಸಲ ಒತ್ತಿ `Developer options` ತೆರೆದು, ಅಲ್ಲಿ `Disable absolute volume` ಆನ್ ಮಾಡಿ, ಬಡ್ ಬಿಡಿಸಿ ಮತ್ತೆ ಜೋಡಿಸಿದೆ. ಎರಡು ವಾಲ್ಯೂಮೂ ಬೇರೆಯಾದವು, ಸದ್ದು ಸರಿಹೋಯಿತು. ಇದನ್ನು ಮಾಡುವಾಗ ಬಡ್ ಕಿವಿಯಲ್ಲಿರಬಾರದು, ಒಮ್ಮೆಲೇ ಜೋರಾಗಿ ಹೊಡೆಯಬಹುದು. ಆ ಪುಟದ ಬೇರೆ ಯಾವುದನ್ನೂ ಮುಟ್ಟುವ ಅಗತ್ಯವಿಲ್ಲ. ಹಾಗೆಯೇ ಒಂದೇ ಕಿವಿಯಲ್ಲಿ ಸದ್ದು ಕಡಿಮೆಯಾಗಿದ್ದರೆ ಸೆಟ್ಟಿಂಗ್ಸ್ ಕೆದಕುವ ಮುಂಚೆ ಬಡ್‌ನ ಜಾಲರಿ ನೋಡಿ. ಕಿವಿಯ ಗುಗ್ಗೆ ಕೂತಿರುತ್ತದೆ, ಒಣ ಬ್ರಷ್ಷಿನಿಂದ ಜಾಲರಿ ಕೆಳಮುಖವಾಗಿ ಹಿಡಿದು ಉಜ್ಜಿದರೆ ಸಾಕು.

ಮೂರನೆಯದು ಸಂಕ್ರಾಂತಿಗೆ ನಾನು ಊರಿಗೆ ಹೋದ ದಿನವೇ ಆಯಿತು. ಇದರಲ್ಲಿ ನನಗೆ ಅರ್ಧ ಗಂಟೆ ಹಿಡಿಯಿತು. `Media audio` ಆನ್ ಇದೆ. ವಾಲ್ಯೂಮ್ ಇದೆ. ಗೆರೆ ಓಡುತ್ತಿದೆ. ಎರಡೂ ಕಡೆ ಮೌನ. ಬಡ್ ಕೇಸಿಗಿಟ್ಟು ತೆಗೆದರೆ ಒಂದೆರಡು ಕ್ಷಣ ಹಾಡು ಬಂದು ಮತ್ತೆ ನಿಲ್ಲುತ್ತಿತ್ತು. ಆ ಒಂದೆರಡು ಕ್ಷಣವೇ ಸುಳಿವು: ಮೊದಲು ಫೋನು ಸಿಗುತ್ತಿದೆ, ಆಮೇಲೆ ಇನ್ಯಾರೋ ಬಂದು ಕಿತ್ತುಕೊಳ್ಳುತ್ತಿದ್ದಾರೆ. ಆ ಇನ್ಯಾರೋ ಎಂದರೆ ಹಜಾರದಲ್ಲಿ ನಾನು ತೆರೆದಿಟ್ಟಿದ್ದ ಲ್ಯಾಪ್‌ಟಾಪ್. ದೀಪಾವಳಿಯ ಮುಂಚಿನ ಆ ಹಳೆಯ ಜೋಡಣೆಯನ್ನು ನಾನು ಅಳಿಸಿರಲಿಲ್ಲ. ಈ ಬಡ್ ಏಕಕಾಲಕ್ಕೆ ಎರಡು ಸಾಧನಗಳಿಗೆ ಕನೆಕ್ಟ್ ಆಗುವ ಜಾತಿಯದು, ಇದನ್ನು ಮಲ್ಟಿಪಾಯಿಂಟ್ ಎನ್ನುತ್ತಾರೆ. ಎರಡಕ್ಕೆ ಕನೆಕ್ಟ್ ಆಗಬಹುದು, ಆದರೆ ಒಮ್ಮೆಗೆ ಒಂದರ ಧ್ವನಿಯನ್ನಷ್ಟೇ ನುಡಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ಒಂದು ವಿಡಿಯೊ ಪುಟ ಮ್ಯೂಟ್ ಆಗಿ ಓಡುತ್ತಲೇ ಇತ್ತು. ಬಡ್‌ನ ಮಟ್ಟಿಗೆ ಅದೂ ಧ್ವನಿಯೇ, ಸದ್ದಿಲ್ಲದ ಧ್ವನಿ. ಅದನ್ನೇ ಅದು ನಿಷ್ಠೆಯಿಂದ ನುಡಿಸುತ್ತಿತ್ತು.

ಲ್ಯಾಪ್‌ಟಾಪಿನ ಬ್ಲೂಟೂತ್ ಆಫ್ ಮಾಡಿದ ತಕ್ಷಣ ಅಡುಗೆಮನೆಯಿಂದ ಅಮ್ಮ “ಹಾಂ, ಬಂತು” ಎಂದು ಕೂಗಿದರು. ಆದರೆ ಆಫ್ ಮಾಡಿದರೆ ಆ ದಿನಕ್ಕೆ ಮಾತ್ರ. ಶಾಶ್ವತವಾಗಿ ಸರಿಯಾಗಲು ಜೋಡಣೆಯನ್ನು ಎಲ್ಲ ಕಡೆಯಿಂದಲೂ ಅಳಿಸಬೇಕು. ಲ್ಯಾಪ್‌ಟಾಪಿನಲ್ಲಿ `Remove device` ಒತ್ತಿದೆ, ಅಮ್ಮನ ಫೋನಿನಲ್ಲಿ `Forget` ಒತ್ತಿದೆ. ಆಮೇಲೆ ಎರಡೂ ಬಡ್ ಕೇಸಿನಲ್ಲಿಟ್ಟು ಅದೇ ಬಟನ್ನನ್ನು ಹತ್ತು ಸೆಕೆಂಡು, ದೀಪದ ಬಣ್ಣ ಬದಲಾಗುವವರೆಗೆ ಹಿಡಿದೆ. ಬಡ್ ತನ್ನ ನೆನಪನ್ನೆಲ್ಲ ಅಳಿಸಿಕೊಂಡಿತು. ಕೊನೆಗೆ ಫೋನಿಗೆ ಮಾತ್ರ ಹೊಸದಾಗಿ ಜೋಡಿಸಿದೆ. ಫೋನಿನಲ್ಲಿ ಅಳಿಸಿ ಬಡ್‌ನಲ್ಲಿ ಬಿಟ್ಟರೆ, ಅಥವಾ ಬಡ್‌ನಲ್ಲಿ ಅಳಿಸಿ ಫೋನಿನಲ್ಲಿ ಬಿಟ್ಟರೆ, ಒಬ್ಬರು ಹಳೆಯ ಕೀಲಿ ಹಿಡಿದು ನಿಂತಿರುತ್ತಾರೆ, ಇನ್ನೊಬ್ಬರ ಹತ್ತಿರ ಬೀಗವೇ ಇರುವುದಿಲ್ಲ. ಕನೆಕ್ಟ್ ಆಗುತ್ತದೆ, ಬಿಡುತ್ತದೆ, ಮತ್ತೆ ಆಗುತ್ತದೆ, ಹಾಗೇ ಒದ್ದಾಡುತ್ತದೆ.

ಇಷ್ಟಾದರೂ ಬಾರದಿದ್ದರೆ ಇನ್ನೊಂದೇ ಪರೀಕ್ಷೆ ಉಳಿಯುತ್ತದೆ: ಬಡ್ ರೀಸೆಟ್ ಮಾಡಿ ಬೇರೊಬ್ಬರ ಫೋನಿಗೆ ಜೋಡಿಸಿ ನೋಡುವುದು. ಪಕ್ಕದ ಮನೆಯ ಅತ್ತೆ ಅಮ್ಮನ ಬಡ್ ನೋಡಿ ತಾವೂ ಒಂದು ಜೊತೆ ತರಿಸಿದ್ದರು. ಅವರದರಲ್ಲಿ ಕರೆಯೂ ಇಲ್ಲ, ಹಾಡೂ ಇಲ್ಲ. ಅಮ್ಮನ ಫೋನಿಗೂ ನನ್ನ ಫೋನಿಗೂ ಜೋಡಿಸಿದೆ, ಎರಡರಲ್ಲೂ ಹೆಸರು ಬಂತು, ಚಾರ್ಜ್ ತೋರಿಸಿತು, ಸದ್ದು ಬರಲಿಲ್ಲ. ಮೂರು ಫೋನಿನಲ್ಲೂ ಎರಡೂ ದಾರಿಯಲ್ಲಿ ಮೌನವೆಂದರೆ ತಪ್ಪು ಫೋನಿನದಲ್ಲ. “ಅತ್ತೆ, ಇದು ಸೆಟ್ಟಿಂಗ್ಸಿಂದ ಸರಿಯಾಗಲ್ಲ, ಬಿಲ್ ಇಟ್ಕೊಂಡಿದೀರಾ?” ಎಂದು ಕೇಳಿದೆ. ಇಟ್ಟುಕೊಂಡಿದ್ದರು. ಮೂರೂ ಫೋನಿನಲ್ಲಿ ನೋಡಿದ್ದೇವೆ ಎಂದು ಒಂದು ಚೀಟಿಯಲ್ಲಿ ಬರೆದು ಬಿಲ್ ಜೊತೆಗಿಟ್ಟು ವಾರಂಟಿಗೆ ಕಳಿಸಿದೆವು, ಬೇರೆ ಜೊತೆ ಬಂತು.